ಆರು ಮನೆಯ ಚಾಲಿ ಲೆಕ್ಕ: ಹಾಳೆಯ ಮೇಲೆ ಒಂದು ರೂಪಾಯಿ ವ್ಯತ್ಯಾಸ ಬಂದಿದ್ದು, ಸರಿ ಮಾಡಿದ್ದು

ನಮ್ಮದು ಸಿರ್ಸಿಯಿಂದ ಸ್ವಲ್ಪ ಒಳಗಿನ ಊರು. ಆರು ಮನೆಯವರು ಸೇರಿ ಚಾಲಿ ಅಡಿಕೆಯನ್ನು ಒಟ್ಟಿಗೆ ಪೇಟೆಗೆ ಒಯ್ಯುತ್ತೇವೆ. ಒಂದೇ ಗಾಡಿ, ಒಂದೇ ಲಾಟು, ಒಂದೇ ದರ. ದುಡ್ಡೂ ಒಂದೇ ಮೊತ್ತವಾಗಿ ಗುಂಪಿನ ಖಾತೆಗೆ ಬರುತ್ತದೆ. ಅದನ್ನು ಮನೆಮನೆಗೆ ಹಂಚುವ ಲೆಕ್ಕ ಎರಡು ವರ್ಷದಿಂದ ನನ್ನ ತಲೆಗೆ ಬಿದ್ದಿದೆ. ಮೊದಲು ದೊಡ್ಡಮನೆಯ ದೊಡ್ಡಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಅದನ್ನು ಎಕ್ಸೆಲ್‌ಗೆ ತಂದೆ.

ಈ ಏಪ್ರಿಲ್‌ನ ಲಾಟಿನಲ್ಲಿ ಹಾಳೆಯ ಮೊತ್ತ ಒಂದು ರೂಪಾಯಿ ತಪ್ಪಿತು. ಅದರ ಹಿಂದೆ ಹೋಗಿ ನಾಲ್ಕು ಸಂಜೆ ಕಳೆದೆ. ನಡುವೆ ಇದ್ದ ಲೆಕ್ಕವನ್ನೂ ಕೆಡಿಸಿಕೊಂಡೆ. ಕ್ರಮವಾಗಿ ಬರೆದಿಡುತ್ತಿದ್ದೇನೆ. ಹೀಗೆ ಪಾಲು ಹಂಚುವ ಕೆಲಸ ನಮ್ಮ ಕಡೆ ಎಷ್ಟೋ ಜನ ಮಾಡುತ್ತಾರೆ, ಅವರಿಗೆ ಉಪಯೋಗ ಆಗಬಹುದು.

ಬಳಸಿದ್ದು: ಹಳೇ ಲ್ಯಾಪ್‌ಟಾಪು, ಎಕ್ಸೆಲ್, ಅಂಗಡಿಯಲ್ಲಿ ಸಿಗುವ ಸಾದಾ ಕ್ಯಾಲ್ಕುಲೇಟರ್, ಸೀಸದಕಡ್ಡಿ. ಖರ್ಚು: ಪೇಟೆಯಲ್ಲಿ ನಾಲ್ಕು ಸಲ ಪ್ರಿಂಟ್ ತೆಗೆಸಿದ್ದು, ಹಾಳೆಗೆ 5 ರೂಪಾಯಿಯಂತೆ 20 ರೂಪಾಯಿ.

ಸೋಮವಾರ ರಾತ್ರಿ: ಹಾಳೆ ತಯಾರಿ

ಬಿಲ್ಲಿನಲ್ಲಿ ದರ ಕ್ವಿಂಟಾಲಿಗೆ 37,699 ರೂಪಾಯಿ. ಅಂದರೆ ಕಿಲೋಗೆ 376.99. ಪ್ರತಿ ಮನೆಯ ಚೀಲಗಳನ್ನು ಬೇರೆಬೇರೆ ತೂಗಿಸಿದ್ದೆವು. ಒಟ್ಟು ತೂಕ 647.8 ಕಿಲೋ, ಬಿಲ್ ಮೊತ್ತ 2,44,214.12.

ಹಾಳೆ ಸರಳವಾಗಿತ್ತು. A ಕಾಲಮ್ಮಿನಲ್ಲಿ ಮನೆ ಹೆಸರು, B ಯಲ್ಲಿ ತೂಕ, C ಯಲ್ಲಿ ದುಡ್ಡು. ಕಿಲೋ ದರ H1 ಎಂಬ ಕೋಶದಲ್ಲಿ. ಎರಡನೇ ಸಾಲಿನಿಂದ ಏಳನೇ ಸಾಲಿನವರೆಗೆ ಆರು ಮನೆ, ಎಂಟನೇ ಸಾಲಿನಲ್ಲಿ ಒಟ್ಟು.

```
C2: =B2*$H$1
C8: =SUM(C2:C7)
```

ಪೈಸೆ ಕಂಡರೆ ಹಾಳೆ ಗಿಜಿಗಿಜಿ ಅನ್ನಿಸುತ್ತದೆ. ಹಂಚುವುದೂ ಪೂರ್ತಿ ರೂಪಾಯಿಯಲ್ಲೇ. ಹಾಗಾಗಿ ದುಡ್ಡಿರುವ ಕೋಶಗಳನ್ನೆಲ್ಲ ಹಿಡಿದು ಪೈಸೆ ಕಾಣದ ಹಾಗೆ ಮಾಡಿದೆ. ಅದರಲ್ಲಿ ದರದ ಕೋಶ H1 ಕೂಡ ಸೇರಿಕೊಂಡಿತು. ಅಲ್ಲಿ 376.99 ಹೋಗಿ 377 ಅಂತ ಕಾಣತೊಡಗಿತು. ಆಗ ಅದನ್ನು ನಾನು ಗಮನಿಸಲೇ ಇಲ್ಲ. ಮುಂದೆ ದೊಡ್ಡ ಪೆಟ್ಟು ಕೊಟ್ಟಿದ್ದು ಇದೇ.

ಪ್ರಿಂಟಿನಲ್ಲಿ ಬಂದಿದ್ದು ಇದು:

```
ಮನೆ            ತೂಕ       ರೂಪಾಯಿ
ದೊಡ್ಡಮನೆ        212.4      80,073
ಮೇಲಿನಮನೆ       148.6      56,021
ಆಚೆಮನೆ          97.2      36,643
ಹೊಸಮನೆ          83.5      31,479
ತೋಟದಮನೆ        64.8      24,429
ಕೆಳಗಿನಮನೆ       41.3      15,570
ಒಟ್ಟು            647.8    2,44,214
```

ಬಿಲ್ಲಿನ ಮೊತ್ತವೂ 2,44,214. ತಾಳೆ ಆಯ್ತು ಅಂತ ನಿಶ್ಚಿಂತೆಯಿಂದ ಮಲಗಿದೆ.

ಮಂಗಳವಾರ ಸಂಜೆ: ದೊಡ್ಡಪ್ಪನ ಸೀಸದಕಡ್ಡಿ

ದೊಡ್ಡಪ್ಪ ಯಾವ ಲೆಕ್ಕವನ್ನೂ ಕೈಯಿಂದ ಕೂಡದೆ ಒಪ್ಪುವವರಲ್ಲ. ಜಗಲಿಯ ಮೇಲೆ ಕೂತು ಬಲಗಡೆಯಿಂದ ಒಂದೊಂದೇ ಅಂಕಿಯ ಸಾಲನ್ನು ಕೂಡುತ್ತಾ ಬಂದರು. ಬಿಡಿಸ್ಥಾನ ಮುಗಿಸುವಾಗಲೇ ನಿಂತರು. 3, 1, 3, 9, 9, 0. ಕೂಡಿದರೆ 25. ಅಂದರೆ ಕೊನೆಯ ಅಂಕಿ 5 ಬರಬೇಕು. ಹಾಳೆಯಲ್ಲಿ 4 ಇದೆ.

"ತಮಾ, ಇದು ಎಂತಕ್ಕೆ ಹೀಗೆ?" ಅಂದರು.

ಅವರು ಮೇಲಿನಿಂದ ಮತ್ತೆ ಕೂಡಿದರು. ನಾನು ಕ್ಯಾಲ್ಕುಲೇಟರಿನಲ್ಲಿ ಒತ್ತಿದೆ. ಎರಡರಲ್ಲೂ 2,44,215. ಹಾಳೆ ಹೇಳುವುದು 2,44,214. ಕಂಪ್ಯೂಟರ್ ಕೂಡಿದ್ದು ತಪ್ಪು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ದೊಡ್ಡಪ್ಪ ಕೂಡಿದ್ದು ತಪ್ಪು ಅಂತ ಹೇಳುವ ಹಾಗೂ ಇಲ್ಲ.

ಮನೆಗೆ ಬಂದು ಮೊದಲು ಹುಡುಕಿದ್ದು ಸಾಮಾನ್ಯ ತಪ್ಪುಗಳನ್ನು. `SUM` ಎಲ್ಲಾ ಆರು ಸಾಲನ್ನು ಹಿಡಿದಿದೆಯಾ? ಹಿಡಿದಿದೆ. ನಡುವೆ ಅಡಗಿಸಿದ ಸಾಲು ಇದೆಯಾ? ಇಲ್ಲ. ಯಾವುದಾದರೂ ಸಂಖ್ಯೆ ಅಕ್ಷರದ ರೂಪದಲ್ಲಿ ಕೂತಿದೆಯಾ? `ISNUMBER` ಹಾಕಿ ನೋಡಿದೆ, ಆರಕ್ಕೆ ಆರೂ `TRUE`. ಇದರಲ್ಲಿ ಒಂದು ಗಂಟೆ ಹೋಯಿತು. ಆಮೇಲೆ ಯೋಚಿಸಿದರೆ ಈ ಹುಡುಕಾಟಕ್ಕೆ ಅರ್ಥವೇ ಇರಲಿಲ್ಲ. ಸಾಲು ಬಿಟ್ಟುಹೋಗಿದ್ದರೆ ವ್ಯತ್ಯಾಸ ಒಂದು ಮನೆಯ ಪಾಲಿನಷ್ಟು ಬರುತ್ತಿತ್ತು, ಹದಿನೈದು ಸಾವಿರವೋ ಎಂಬತ್ತು ಸಾವಿರವೋ. ಒಂದೇ ರೂಪಾಯಿ ಬಂದಾಗ ಬೇರೆ ಕಡೆ ನೋಡಬೇಕಿತ್ತು.

ಬುಧವಾರ: ಕೋಶದ ಒಳಗೆ ಏನಿದೆ ಅಂತ ನೋಡಿದ್ದು

C2 ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ ಸೂತ್ರ ಮಾತ್ರ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಒಳಗಿನ ಬೆಲೆ ನೋಡಲು ಒಂದು ದಾರಿ ಇದೆ. ಆ ಪಟ್ಟಿಯಲ್ಲಿ ಸೂತ್ರವನ್ನು ಪೂರ್ತಿ ಹಿಡಿದು `F9` ಒತ್ತಬೇಕು. ಒತ್ತಿದೆ. `80072.676` ಅಂತ ಬಂತು. ನೋಡಿದ ಮೇಲೆ `Esc` ಒತ್ತಲೇಬೇಕು. ಎಂಟರ್ ಒತ್ತಿದರೆ ಸೂತ್ರ ಅಳಿಸಿಹೋಗಿ ಆ ಸಂಖ್ಯೆಯೇ ಅಲ್ಲಿ ಕೂತುಬಿಡುತ್ತದೆ.

ಅಂದರೆ ಹಾಳೆಯ ಮೇಲೆ ಕಾಣುವುದು 80,073, ಕೋಶದ ಒಳಗೆ ಇರುವುದು 80072.676. ನಾನು ಪೈಸೆ ಅಡಗಿಸಿದ್ದೆನೇ ಹೊರತು ತೆಗೆದಿರಲಿಲ್ಲ. `SUM` ಕೂಡುವುದು ಒಳಗಿರುವುದನ್ನು. ದೊಡ್ಡಪ್ಪ ಕೂಡುವುದು ಕಾಣುವುದನ್ನು. ಇಬ್ಬರೂ ಸರಿಯಾಗೇ ಕೂಡಿದ್ದಾರೆ, ಕೂಡಿದ ಸಂಖ್ಯೆಗಳೇ ಬೇರೆ.

`Increase Decimal` ಗುಂಡಿಯನ್ನು ಮೂರು ಸಲ ಒತ್ತಿದಾಗ ಎಲ್ಲಾ ಬಯಲಾಯಿತು:

```
ದೊಡ್ಡಮನೆ         80072.676
ಮೇಲಿನಮನೆ        56020.714
ಆಚೆಮನೆ          36643.428
ಹೊಸಮನೆ          31478.665
ತೋಟದಮನೆ        24428.952
ಕೆಳಗಿನಮನೆ       15569.687
ಒಟ್ಟು            244214.122
```

ಐದು ಮನೆಯ ಚಿಲ್ಲರೆ ಅರ್ಧ ರೂಪಾಯಿಗಿಂತ ಜಾಸ್ತಿ. ಹಾಗಾಗಿ ಆ ಐದೂ ಮೇಲಕ್ಕೆ ಏರಿ ಕಂಡಿವೆ. ಆಚೆಮನೆಯದು ಮಾತ್ರ ಕೆಳಕ್ಕೆ ಇಳಿದಿದೆ. ಐದು ಮನೆ ಸೇರಿ ಏರಿದ್ದು 1 ರೂಪಾಯಿ 30 ಪೈಸೆ ಚಿಲ್ಲರೆ, ಆಚೆಮನೆ ಇಳಿದಿದ್ದು 43 ಪೈಸೆಯಷ್ಟು. ಕಳೆದರೆ ಸುಮಾರು 88 ಪೈಸೆ ಕಣ್ಣಿಗೆ ಹೆಚ್ಚು ಕಂಡಿದೆ. ಒಟ್ಟು ಮೊತ್ತದ ಚಿಲ್ಲರೆ ಬರೀ 12 ಪೈಸೆ, ಅದು ಕೆಳಕ್ಕೆ ಇಳಿದು ಅಡಗಿದೆ. ಈ 88 ಮತ್ತು ಆ 12 ಸೇರಿದರೆ ದೊಡ್ಡಪ್ಪನ ಒಂದು ರೂಪಾಯಿ.

ಕಾರಣ ಸಿಕ್ಕಿತು. ಆದರೆ ಹಂಚುವ ಕೆಲಸ ಇನ್ನೂ ಬಾಕಿ ಇತ್ತು. ಹಾಳೆಯಲ್ಲಿ ಕಾಣುವ ಹಾಗೆಯೇ ಕೊಟ್ಟರೆ ಬಂದ ದುಡ್ಡಿಗಿಂತ ಒಂದು ರೂಪಾಯಿ ಜಾಸ್ತಿ ಹೋಗುತ್ತದೆ. ಆ ರೂಪಾಯಿ ಗುಂಪಿನ ಖಾತೆಯ ಬೇರೆ ದುಡ್ಡಿನಿಂದ ಹೋಗುತ್ತದೆ, ಪುಸ್ತಕದಲ್ಲಿ ಅದಕ್ಕೆ ಕಾರಣ ಇರುವುದಿಲ್ಲ.

ಬುಧವಾರ ರಾತ್ರಿ, ಮೊದಲ ಪ್ರಯತ್ನ: ಪೈಸೆ ತೋರಿಸಿಬಿಡುವುದು

ಬ್ಯಾಂಕಿನಿಂದ ಕಳಿಸುವುದಾದರೆ ಪೈಸೆಯೂ ಹೋಗುತ್ತದೆ. ಹಾಗಾದರೆ ಎರಡು ಸ್ಥಾನ ತೋರಿಸಿದರೆ ಆಯ್ತಲ್ಲ ಅಂದುಕೊಂಡೆ. ತೋರಿಸಿ ಕ್ಯಾಲ್ಕುಲೇಟರಿನಲ್ಲಿ ಕೂಡಿದೆ. 80,072.68, 56,020.71, 36,643.43, 31,478.67, 24,428.95, 15,569.69. ಬಂದಿದ್ದು 2,44,214.13. ಹಾಳೆಯ ಮೊತ್ತ 2,44,214.12.

ಈಗ ಒಂದು ಪೈಸೆ ವ್ಯತ್ಯಾಸ. ಒಳಗೆ ಮೂರು ಸ್ಥಾನ ಇದೆ, ನಾನು ತೋರಿಸಿದ್ದು ಎರಡು. ರೋಗ ಅದೇ, ಗಾತ್ರ ಮಾತ್ರ ಸಣ್ಣದಾಯಿತು. ಅಲ್ಲದೆ ನಮ್ಮಲ್ಲಿ ಎರಡು ಮನೆಯವರು ಕೈಯಲ್ಲೇ ದುಡ್ಡು ತಗೊಳ್ಳುತ್ತಾರೆ, ಅವರಿಗೆ 69 ಪೈಸೆ ಎಲ್ಲಿಂದ ಕೊಡಲಿ? ಬಿಟ್ಟೆ.

ಅದೇ ರಾತ್ರಿ, ಎರಡನೇ ಪ್ರಯತ್ನ: ನಾನು ಮಾಡಿದ ದೊಡ್ಡ ತಪ್ಪು

ಎಕ್ಸೆಲ್‌ನ ಆಯ್ಕೆಗಳಲ್ಲಿ `File > Options > Advanced` ಒಳಗೆ ಕೆಳಗೆ ಹೋದರೆ `Set precision as displayed` ಅಂತ ಒಂದು ಟಿಕ್ ಇದೆ. ಕಾಣುವಷ್ಟೇ ನಿಖರತೆಯಲ್ಲಿ ಲೆಕ್ಕ ಮಾಡು ಅಂತ ಅದರ ಅರ್ಥ. ನನಗೆ ಬೇಕಾಗಿದ್ದು ಅದೇ ಅನ್ನಿಸಿತು. ಪೈಸೆಯನ್ನು ಮತ್ತೆ ಅಡಗಿಸಿ ಟಿಕ್ ಹಾಕಿದೆ. ನಿಖರತೆ ಶಾಶ್ವತವಾಗಿ ಹೋಗುತ್ತದೆ ಅಂತ ಒಂದು ಎಚ್ಚರಿಕೆ ಬಂತು. ಪೈಸೆ ಹೋದರೆ ಹೋಗಲಿ, ಅದು ಹೋಗಲಿ ಅಂತಲೇ ತಾನೆ ಮಾಡುತ್ತಿರುವುದು ಅಂತ ಓಕೆ ಒತ್ತಿದೆ.

ಮೊತ್ತ 2,44,221 ಆಯಿತು. ಮನೆಗಳ ಪಾಲೂ ಬದಲಾಗಿತ್ತು. ದೊಡ್ಡಮನೆ 80,075, ಮೇಲಿನಮನೆ 56,022, ಆಚೆಮನೆ 36,644, ಹೊಸಮನೆ 31,480, ತೋಟದಮನೆ 24,430, ಕೆಳಗಿನಮನೆ 15,570. ಕೂಡಿ ನೋಡಿದೆ. ಸರಿಯಾಗಿ 2,44,221. ಹಾಳೆ ತನ್ನೊಳಗೆ ತಾನು ಪೂರ್ತಿ ತಾಳೆ ಆಗಿದೆ. ಬಿಲ್ಲಿಗೆ ಮಾತ್ರ 7 ರೂಪಾಯಿ ದೂರ ಹೋಗಿದೆ.

ಏಳು ಎಲ್ಲಿಂದ ಬಂತು? ಬಹಳ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಒಂದು ವಿಷಯ ಹೊಳೆಯಿತು. ರೌಂಡ್ ಮಾಡುವಾಗ ಒಂದು ಸಾಲಿನಲ್ಲಿ ಹೆಚ್ಚೆಂದರೆ ಅರ್ಧ ರೂಪಾಯಿ ಏರುಪೇರಾಗಬಹುದು. ಆರು ಸಾಲಿಗೆ ಹೆಚ್ಚೆಂದರೆ ಮೂರು ರೂಪಾಯಿ. ಏಳು ರೂಪಾಯಿ ರೌಂಡಿನಿಂದ ಬರಲು ಸಾಧ್ಯವೇ ಇಲ್ಲ. ಹಾಗಾದರೆ ಬೇರೆ ಏನೋ ಕೆಟ್ಟಿದೆ.

ಆಗ H1 ನೋಡಿದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ 376.99 ಬರಬೇಕು. ಬಂದಿದ್ದು 377. ಸೋಮವಾರ ದರದ ಕೋಶದಲ್ಲೂ ಪೈಸೆ ಅಡಗಿಸಿದ್ದೆನಲ್ಲ, ಅದು 377 ಅಂತ ಕಾಣುತ್ತಿತ್ತು. ಟಿಕ್ ಹಾಕಿದ ಕೂಡಲೇ ಎಕ್ಸೆಲ್ ಕಂಡಿದ್ದನ್ನೇ ನಿಜ ಮಾಡಿತು. ಒಂದು ಪೈಸೆ ದರ ಏರಿತು, 647.8 ಕಿಲೋಗೆ ಆರೂವರೆ ರೂಪಾಯಿ ಹತ್ತಿರ ಹೆಚ್ಚಾಯಿತು.

ಟಿಕ್ ತೆಗೆದೆ. ದರ 377 ಹಾಗೇ ಉಳಿಯಿತು. ಸೂತ್ರ ಇರುವ ಕೋಶಗಳು ಟಿಕ್ ತೆಗೆದ ಮೇಲೆ ಮತ್ತೆ ಪೂರ್ತಿ ಲೆಕ್ಕ ಮಾಡುತ್ತವೆ. ಆದರೆ ಕೈಯಿಂದ ಟೈಪ್ ಮಾಡಿದ ಸಂಖ್ಯೆಯ ಚಿಲ್ಲರೆ ಒಮ್ಮೆ ಹೋದರೆ ಹೋಯಿತು, ಎಕ್ಸೆಲ್ ಅದನ್ನು ಎಲ್ಲೂ ನೆನಪಿಟ್ಟುಕೊಂಡಿರುವುದಿಲ್ಲ. ಬಿಲ್ ಕೈಯಲ್ಲಿದ್ದಿದ್ದರಿಂದ 376.99 ಮತ್ತೆ ಹೊಡೆದೆ. ತೂಕದ ಕಾಲಮ್ಮಿಗೆ ಒಂದು ಸ್ಥಾನ ತೋರಿಸಿದ್ದೆ, ಅದರಿಂದ 212.4, 148.6 ಎಲ್ಲ ಉಳಿದವು. ಅದನ್ನೂ ಪೂರ್ತಿ ಕಿಲೋ ಕಾಣುವ ಹಾಗೆ ಮಾಡಿದ್ದಿದ್ದರೆ ಆರು ಮನೆಯ ತೂಕವೂ ಹಾಳಾಗುತ್ತಿತ್ತು. ಈ ಟಿಕ್ ಒಂದು ಕಾಲಮ್ಮಿಗೆ ಸೀಮಿತ ಅಲ್ಲ, ಆ ಫೈಲಿನ ಎಲ್ಲಾ ಹಾಳೆಗಳಿಗೂ ಅನ್ವಯ. ನನ್ನ ಫೈಲಿನಲ್ಲಿ ಹಿಂದಿನ ಎರಡು ಲಾಟಿನ ಹಾಳೆಗಳೂ ಇದ್ದವು. ಅವುಗಳ ದರವನ್ನೂ ಹಳೇ ಬಿಲ್ ಹುಡುಕಿ ಸರಿ ಮಾಡಬೇಕಾಯಿತು. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಮಾಡುವ ಮೊದಲು ಫೈಲಿನ ಪ್ರತಿ ಇಟ್ಟುಕೊಳ್ಳಬೇಕಿತ್ತು, ಇಟ್ಟಿರಲಿಲ್ಲ.

ಇಷ್ಟರಲ್ಲಿ ಇನ್ನೊಂದೂ ಕಂಡಿತು. ಸೋಮವಾರದ ಪ್ರಿಂಟಿನಲ್ಲೇ ದರ 377 ಅಂತ ಅಚ್ಚಾಗಿತ್ತು. ಯಾರಾದರೂ ತಮ್ಮ ತೂಕಕ್ಕೆ ಅದನ್ನು ಗುಣಿಸಿ ನೋಡಿದ್ದರೆ ಪಾಲು ಕಡಿಮೆ ಕೊಟ್ಟ ಹಾಗೆ ಕಾಣುತ್ತಿತ್ತು. ದೊಡ್ಡಮನೆಗೆ ಎರಡು ರೂಪಾಯಿ ವ್ಯತ್ಯಾಸ ಬರುತ್ತಿತ್ತು. ದರದ ಕೋಶಕ್ಕೆ ಈಗ ಯಾವಾಗಲೂ ಎರಡು ಸ್ಥಾನ.

ಗುರುವಾರ ಸಂಜೆ, ಮೂರನೇ ಪ್ರಯತ್ನ: ಪ್ರತಿ ಸಾಲಿಗೂ ROUND

ಪೈಸೆ ಅಡಗಿಸುವ ಬದಲು ನಿಜವಾಗಿ ತೆಗೆಯಲು `ROUND` ಇದೆ.

```
C2: =ROUND(B2*$H$1,0)
C8: =SUM(C2:C7)
```

ಈಗ ಕೋಶದ ಒಳಗೂ 80073, ಹೊರಗೂ 80,073. ಮೊತ್ತ 2,44,215. ದೊಡ್ಡಪ್ಪ ಕೂಡಿದರೂ 2,44,215. ಹಾಳೆಯಲ್ಲಿ ಯಾವ ತಕರಾರೂ ಇಲ್ಲ.

ಬಿಲ್ 2,44,214. ಬಂದಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಹಂಚುತ್ತಿದ್ದೇನೆ ಅನ್ನುವುದು ಹಾಗೇ ಉಳಿಯಿತು. ಮೊದಲು ಕಣ್ಣಿಗೆ ಕಾಣುವ ತಪ್ಪಾಗಿತ್ತು, ಈಗ ನಿಜವಾದ ಒಂದು ರೂಪಾಯಿಯೇ ಆಯಿತು.

ಇಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅಂಗಡಿ ಬಿಲ್ಲಿನ ಹಾಗೆ ಮೊತ್ತ ನಾವೇ ನಿರ್ಧರಿಸುವ ಲೆಕ್ಕವಾದರೆ ಪ್ರತಿ ಸಾಲಿಗೂ `ROUND` ಹಾಕಿದರೆ ಮುಗಿಯಿತು. ಸಾಲು ಕೂಡಿ ಎಷ್ಟು ಬರುತ್ತದೋ ಅದೇ ಮೊತ್ತ. ನಮ್ಮದು ಹಾಗಲ್ಲ. ಮೊತ್ತ ಮೊದಲೇ ಹೊರಗಿನಿಂದ ಬಂದಿದೆ, ಅದನ್ನು ಒಡೆದು ಹಂಚಬೇಕು. ಸಾಲುಗಳೇ ಮೊತ್ತಕ್ಕೆ ಬಗ್ಗಬೇಕು.

ಅದೇ ಸಂಜೆ, ನಾಲ್ಕನೇ ಪ್ರಯತ್ನ: ಉಳಿದಿದ್ದು ಕೊನೇ ಮನೆಗೆ

ದೊಡ್ಡಪ್ಪನ ಹಳೇ ಪುಸ್ತಕದಲ್ಲಿ ಹೇಗೆ ಮಾಡಿದ್ದರು ಅಂತ ತೆಗೆದು ನೋಡಿದೆ. ಐದು ಮನೆಯದನ್ನು ಪೂರ್ತಿ ರೂಪಾಯಿಗೆ ತಂದು, ಮೊತ್ತದಲ್ಲಿ ಕಳೆದು, ಉಳಿದಿದ್ದನ್ನು ಕೊನೇ ಮನೆಗೆ ಬರೆದಿದ್ದರು. ನಾನೂ ಹಾಗೇ ಮಾಡಿದೆ. ಐದು ಮನೆ ಸೇರಿ 2,28,645. ಬಿಲ್ಲಿನಲ್ಲಿ ಕಳೆದರೆ ಕೆಳಗಿನಮನೆಗೆ 15,569. ತಾಳೆ ಆಯ್ತು.

ಕೆಳಗಿನಮನೆ ಅತ್ತಿಗೆಗೆ ಹಾಳೆ ತೋರಿಸಿದೆ. ಅವರು ನೋಡಿ, "ಪಟ್ಟಿಯಲ್ಲಿ ನಮ್ಮನೆ ಯಾವಾಗಲೂ ಕೊನೇಲೇ ಇರ್ತದೆ ಅಲ್ವಾ?" ಅಂತ ಕೇಳಿದರು. ಅಷ್ಟೇ ಕೇಳಿದ್ದು. ಆದರೆ ಮಾತು ನೂರಕ್ಕೆ ನೂರು ಸರಿ. ಅವರ ನಿಜವಾದ ಪಾಲು 15569.687. ಅದರಲ್ಲಿ 69 ಪೈಸೆ ಕಳೆಯಿತು. ಉಳಿದವರೆಲ್ಲರ ಏರುಪೇರು ಅವರ ಒಂದೇ ಸಾಲಿನಲ್ಲಿ ಬಂದು ಸೇರುತ್ತದೆ. ಆರು ಮನೆಗೆ ಒಂದು ರೂಪಾಯಿ. ಅರವತ್ತು ಮನೆಯ ಪಟ್ಟಿಯಾದರೆ ಕೊನೆಯವರಿಗೆ ಐದಾರು ರೂಪಾಯಿಯೇ ಆಗಬಹುದು. ಅದೂ ಅತಿ ಕಡಿಮೆ ಅಡಿಕೆ ಇರುವ ಮನೆಗೆ. ಈ ದಾರಿ ಬೇಡ ಅಂತ ತೀರ್ಮಾನ ಮಾಡಿದೆ.

ಶುಕ್ರವಾರ: ಕೊನೆಗೆ ಕೆಲಸ ಮಾಡಿದ್ದು

ಕ್ರಮ ಹೀಗೆ. ಮೊದಲು ಎಲ್ಲರಿಗೂ ಪೂರ್ತಿ ರೂಪಾಯಿ ಮಾತ್ರ ಕೊಡುವುದು, ಚಿಲ್ಲರೆ ಎಲ್ಲಾ ಬಿಡುವುದು. ಹಾಗೆ ಕೊಟ್ಟರೆ 2,44,210 ಆಗುತ್ತದೆ. ಬಿಲ್ 2,44,214, ಅಂದರೆ 4 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಆ ನಾಲ್ಕನ್ನು ಚಿಲ್ಲರೆ ಯಾರದು ಹೆಚ್ಚೋ ಅವರಿಂದ ಶುರುಮಾಡಿ ಒಂದೊಂದು ಕೊಡುವುದು. ತೋಟದಮನೆ .952, ಮೇಲಿನಮನೆ .714, ಕೆಳಗಿನಮನೆ .687, ದೊಡ್ಡಮನೆ .676. ನಾಲ್ಕು ಮುಗಿಯಿತು. ಹೊಸಮನೆ .665 ಮತ್ತು ಆಚೆಮನೆ .428 ಇವಕ್ಕೆ ಇಲ್ಲ.

ಹೊಸಮನೆ ನಮ್ಮದೇ. ದೊಡ್ಡಮನೆಗೂ ನಮಗೂ ನಡುವೆ ಒಂದು ಪೈಸೆ ಅಂತರ, ಅಷ್ಟರಲ್ಲಿ ರೂಪಾಯಿ ಅವರಿಗೆ ಹೋಯಿತು. ಮುಂದಿನ ಲಾಟಿನಲ್ಲಿ ತೂಕ, ದರ ಬೇರೆ ಇರುತ್ತದೆ, ಚಿಲ್ಲರೆಯೂ ಬೇರೆ. ಯಾವಾಗಲೂ ಒಂದೇ ಮನೆಗೆ ಬೀಳುವ ನಿಯಮ ಇದಲ್ಲ. ನನಗೆ ಬೇಕಾಗಿದ್ದು ಅದು.

H2 ಎಂಬ ಕೋಶದಲ್ಲಿ ಬಿಲ್ಲಿನ ಪೂರ್ತಿ ರೂಪಾಯಿ, 244214, ಕೈಯಿಂದ ಹೊಡೆಯಬೇಕು. ಉಳಿದಿದ್ದು ಸೂತ್ರ:

```
C2: =ROUND(B2*$H$1,3)
D2: =INT(C2)
E2: =C2-D2
F2: =D2+IF(RANK(E2,$E$2:$E$7)<=$H$2-SUM($D$2:$D$7),1,0)
F8: =SUM(F2:F7)
```

C ಪೂರ್ತಿ ಪಾಲು, D ರೂಪಾಯಿ, E ಚಿಲ್ಲರೆ, F ನಿಜವಾಗಿ ಕೊಡುವುದು. ಎರಡರಿಂದ ಏಳನೇ ಸಾಲಿನವರೆಗೆ ಕೆಳಗೆ ಎಳೆದರೆ ಆಯಿತು. C ಯಲ್ಲಿ ಮೂರು ಸ್ಥಾನಕ್ಕೆ `ROUND` ಹಾಕಿದ್ದಕ್ಕೆ ಕಾರಣ ಇದೆ. ತೂಕದಲ್ಲಿ ಒಂದು ಸ್ಥಾನ, ದರದಲ್ಲಿ ಎರಡು, ಗುಣಿಸಿದರೆ ಮೂರಕ್ಕಿಂತ ಹೆಚ್ಚು ಬರುವುದಿಲ್ಲ. ಕಂಪ್ಯೂಟರ್ ಒಳಗೆ ಬಾಲದಲ್ಲಿ ಸಣ್ಣ ಕಸ ಉಳಿದಿದ್ದರೆ ಅದು ಹೋಗುತ್ತದೆ. ತೂಕ ಗ್ರಾಮಿನವರೆಗೆ ಇದ್ದರೆ ಇಲ್ಲಿ ಐದು ಬೇಕು.

ಬಂದಿದ್ದು: 80,073, 56,021, 36,643, 31,478, 24,429, 15,570. ಒಟ್ಟು 2,44,214.

ಈ ಸಲ ಪ್ರಿಂಟ್ ತೆಗೆಯುವ ಮೊದಲು ಫೈಲಿನ ಪ್ರತಿ ಮಾಡಿ, ಅದನ್ನು ಬೇಕಂತಲೇ ಕೆಡಿಸಿ ನೋಡಿದೆ. ನಮ್ಮನೆ ತೂಕವನ್ನು ದೊಡ್ಡಮನೆಯಷ್ಟೇ, 212.4 ಅಂತ ಮಾಡಿದೆ. ಈಗ ಬಿಲ್ 2,92,808 ಆಗಬೇಕು. H2 ನಲ್ಲಿ ಅದನ್ನೇ ಹಾಕಿದೆ. ಆದರೆ F8 ನಲ್ಲಿ ಬಂದಿದ್ದು 2,92,809.

ಮತ್ತೆ ಒಂದು ರೂಪಾಯಿ! ಕಾರಣ ಬೇಗ ಸಿಕ್ಕಿತು. ಎರಡೂ ಮನೆಯ ಚಿಲ್ಲರೆ ಸರಿಸಮ .676. `RANK` ಇಬ್ಬರಿಗೂ ನಾಲ್ಕನೇ ಸ್ಥಾನವನ್ನೇ ಕೊಡುತ್ತದೆ. ನಾಲ್ಕರವರೆಗೆ ಕೊಡು ಅಂದಾಗ ಐದು ಜನ ನುಗ್ಗಿದರು. ಸಮ ಬರದ ಹಾಗೆ ಮಾಡಲು E ಯಲ್ಲಿ ಸಾಲಿನ ಸಂಖ್ಯೆಯ ಒಂದು ಸಣ್ಣ ಚೂರನ್ನು ಕಳೆದೆ:

```
E2: =C2-D2-ROW()/1000000
```

ಏಳನೇ ಸಾಲಿನಲ್ಲೂ ಕಳೆಯುವುದು 0.000007. ಚಿಲ್ಲರೆಯ ಮೂರನೇ ಸ್ಥಾನವನ್ನು ಅದು ಮುಟ್ಟುವುದಿಲ್ಲ, ಸಮ ಬಂದಾಗ ಮಾತ್ರ ಮೇಲಿನ ಸಾಲು ಗೆಲ್ಲುತ್ತದೆ. ಪರೀಕ್ಷೆಯ ಪ್ರತಿಯಲ್ಲಿ 2,92,808 ಬಂತು. ಮೇಲಿನ ಸಾಲು ಗೆಲ್ಲುವುದೂ ಒಂದು ಪಕ್ಷಪಾತವೇ. ಅದಕ್ಕೆ ಪ್ರತಿ ಲಾಟಿಗೆ ಮನೆಗಳ ಕ್ರಮವನ್ನು ಒಂದೊಂದು ಸ್ಥಾನ ತಿರುಗಿಸುವುದು ಅಂತ ಎಲ್ಲರ ಹತ್ತಿರ ಮಾತಾಡಿ ಒಪ್ಪಿಕೊಂಡೆವು. ಈ ಸಲ ಕೊನೆಯಲ್ಲಿದ್ದ ಕೆಳಗಿನಮನೆ ಮುಂದಿನ ಸಲ ಮೊದಲು.

ಎರಡು ಕಾವಲು ಕೋಶಗಳನ್ನೂ ಇಟ್ಟಿದ್ದೇನೆ.

```
H4: =H2-SUM(D2:D7)
H5: =H2-F8
```

H4 ಸೊನ್ನೆಯಿಂದ ಐದರೊಳಗೆ ಇರಬೇಕು. ಆರು ಚಿಲ್ಲರೆ ಸೇರಿದರೂ ಆರು ರೂಪಾಯಿ ಆಗುವುದಿಲ್ಲ. ಅದಕ್ಕಿಂತ ಹೊರಗೆ ಹೋದರೆ ಬಿಲ್ಲೋ ದರವೋ ತೂಕವೋ ತಪ್ಪಾಗಿ ಹೊಡೆದಿದ್ದೇನೆ ಅಂತ ಅರ್ಥ. H5 ಸೊನ್ನೆ ಇರಲೇಬೇಕು. ಬುಧವಾರ ರಾತ್ರಿ H4 ಇದ್ದಿದ್ದರೆ ಅದು ತಕ್ಷಣ ಕಳೆಯುವ ಚಿಹ್ನೆ ತೋರಿಸಿ ದರದ ತಪ್ಪನ್ನು ಹಿಡಿದುಕೊಡುತ್ತಿತ್ತು.

ಪ್ರಿಂಟಿನಲ್ಲಿ A, B, F ಮೂರೇ ಕಾಲಮ್ಮು. ಉಳಿದವನ್ನು ಅಡಗಿಸಿದ್ದೇನೆ. ದರವನ್ನು ಬಿಲ್ಲಿನಲ್ಲಿದ್ದ ಹಾಗೇ ಕ್ವಿಂಟಾಲಿಗೆ 37,699 ಅಂತ ಮೇಲೆ ಬರೆದೆ. ಕೆಳಗೆ ಒಂದು ಸಾಲು: "ಚಿಲ್ಲರೆ ಹೆಚ್ಚಿದ್ದ ಮನೆಗಳಿಗೆ ಪೂರ್ತಿ ರೂಪಾಯಿ ಸೇರಿಸಿದೆ, ಉಳಿದ 12 ಪೈಸೆ ಗುಂಪಿನ ಖಾತೆಯಲ್ಲಿದೆ." ಆ 12 ಪೈಸೆಯನ್ನು ಪುಸ್ತಕದಲ್ಲೂ ಬರೆದೆ.

ಶನಿವಾರ: ಮತ್ತೆ ಜಗಲಿ

ದೊಡ್ಡಪ್ಪ ಬಿಡಿಸ್ಥಾನ ಕೂಡಿದರು. 3, 1, 3, 8, 9, 0. ಇಪ್ಪತ್ನಾಲ್ಕು. ಮೇಲೆ ಎರಡು ಅಂತ ಬೆರಳು ಮಡಚಿ ಮುಂದಕ್ಕೆ ಹೋದರು. ಕೊನೆಗೆ ಮೊತ್ತದ ಪಕ್ಕ ಸಣ್ಣ ಟಿಕ್ ಹಾಕಿದರು. ಆಮೇಲೆ ಹೊಸಮನೆ ಸಾಲಿಗೆ ಕಡ್ಡಿ ಇಟ್ಟು, ಇಲ್ಲಿ ಮೊನ್ನೆ 9 ಇತ್ತಲ್ಲ ಅಂತ ಕೇಳಿದರು. ಚಿಲ್ಲರೆ ಪಟ್ಟಿ ತೋರಿಸಿ ವಿವರಿಸಿದೆ. .676 ಮತ್ತು .665 ಎರಡನ್ನೂ ಎರಡು ಸಲ ಓದಿ ತಲೆ ಆಡಿಸಿದರು.

ಹಿಂದಿನ ಎರಡು ಲಾಟಿನ ಹಾಳೆಗೂ ಇದೇ ಸೂತ್ರ ಹಾಕಿ ನೋಡಿದೆ. ಒಂದರಲ್ಲಿ ಮೊದಲಿನ ಹಂಚಿಕೆಯೇ ಸರಿ ಇತ್ತು, ಏರಿದ್ದು ಇಳಿದಿದ್ದು ತಾವಾಗೇ ಸಮವಾಗಿತ್ತು. ಇನ್ನೊಂದರಲ್ಲಿ ಒಂದು ರೂಪಾಯಿ ಕಡಿಮೆ ಹಂಚಿದ್ದೆ, ಅದು ಖಾತೆಯಲ್ಲೇ ಉಳಿದಿತ್ತು. ಆ ರೂಪಾಯಿ ತೋಟದಮನೆಗೆ ಸೇರಬೇಕಾಗಿದ್ದು, ಕೊಟ್ಟಿದ್ದೇನೆ.

ಮೇ ತಿಂಗಳ ಲಾಟಿನಲ್ಲಿ ಚಾಲಿಯ ಜೊತೆ ಕೆಂಪುಗೋಟೂ ಹೋಗುವುದಿದೆ, ಎರಡಕ್ಕೂ ಬೇರೆ ದರ. ಒಂದೊಂದು ಬಗೆಗೂ ಬೇರೆ ರೌಂಡ್ ಮಾಡಿ ಆಮೇಲೆ ಕೂಡಿದರೆ ಒಂದೇ ಮನೆಗೆ ಎರಡು ಸಲ ಚಿಲ್ಲರೆ ಹೋಗಬಹುದು. ಹಾಗಾಗಿ ಮನೆಯ ಎರಡೂ ಪಾಲನ್ನು ಚಿಲ್ಲರೆ ಸಮೇತ C ಯಲ್ಲೇ ಕೂಡಿ, `INT` ಒಂದೇ ಸಲ ಹಾಕುವ ಹಾಗೆ ಹಾಳೆ ಬದಲಿಸುತ್ತಿದ್ದೇನೆ. ಎರಡು ಬಿಲ್ಲಿನ ಮೊತ್ತವನ್ನೂ ಪೈಸೆ ಸಮೇತ ಕೂಡಿ, ಆಮೇಲೆ ಪೂರ್ತಿ ರೂಪಾಯಿ H2 ಗೆ ಹಾಕಬೇಕು. ಕೆಂಪುಗೋಟು ಇರುವುದು ಮೂರೇ ಮನೆಯಲ್ಲಿ, ಉಳಿದವರ ಕೋಶಗಳಲ್ಲಿ ಸೊನ್ನೆ ಇಟ್ಟು ಪರೀಕ್ಷೆ ಮಾಡುವುದು ಬಾಕಿ ಇದೆ.